ಹೆಸರು ಕುಗ್ಗುವ ಬಗೆ

ಸನ್ಮಾನ ಸಮಾರಂಭದ ಪರದೆಯನ್ನು ನೀವು ನೋಡಿಯೇ ಇರುತ್ತೀರಿ. ಒಬ್ಬೊಬ್ಬರನ್ನೇ ವೇದಿಕೆಗೆ ಕರೆಯುತ್ತಾರೆ, ಹಿಂದೆ ಅವರ ಫೋಟೊ ಮತ್ತು ಹೆಸರಿನ ಸ್ಲೈಡ್ ಮೂಡುತ್ತದೆ. ಮೊದಲನೆಯವರ ಹೆಸರು ಸಭಾಂಗಣದ ಕೊನೆಯ ಸಾಲಿಗೂ ಕಾಣುವಷ್ಟು ದೊಡ್ಡದು. ಎರಡನೆಯವರದು ಸ್ವಲ್ಪ ಚಿಕ್ಕದು. ಮೂರನೆಯವರದು ಅದಕ್ಕಿಂತಲೂ ಚಿಕ್ಕದು, ಸಾಲದ್ದಕ್ಕೆ ಎರಡು ಸಾಲಾಗಿ ಒಡೆದಿದೆ. ಸ್ಲೈಡ್ ಮಾಡಿದವರನ್ನು ಕೇಳಿದರೆ ಎಲ್ಲರಿಗೂ ಒಂದೇ ಅಳತೆಯನ್ನೇ ಇಟ್ಟದ್ದಾಗಿ ಹೇಳುತ್ತಾರೆ. ಅವರ ಮಾತು ನಿಜವೇ. ಹಾಗಿದ್ದರೆ ಅಕ್ಷರವನ್ನು ಕುಗ್ಗಿಸಿದವರು ಯಾರು?

ಹೆಸರು ಉದ್ದವಾದದ್ದಕ್ಕೆ ಚಿಕ್ಕದಾಯಿತು ಎಂಬುದು ಅರ್ಧ ಉತ್ತರ. ಪೂರ್ತಿ ನಿಜವಾಗಿದ್ದರೆ ಹೆಸರು ಉದ್ದವಾದಷ್ಟೂ ಅಕ್ಷರ ಚಿಕ್ಕದಾಗುತ್ತ ಹೋಗಬೇಕಿತ್ತು. ಹಾಗಾಗುವುದಿಲ್ಲ. ಹಿಂದೆ ‘ಡಾ.’ ಸೇರಿಸಿದ ಮಾತ್ರಕ್ಕೆ ಒಂದು ಹೆಸರು ಕುಗ್ಗುತ್ತದೆ. ಇನ್ನೊಂದು ಹೆಸರಿಗೆ ಅದೇ ‘ಡಾ.’ ಸೇರಿಸಿದರೆ ಏನೂ ಆಗುವುದಿಲ್ಲ. ಅದೇ ಹೆಸರನ್ನು ಬೇರೆ ಲೇಔಟಿಗೆ ಹಾಕಿದರೆ ಎರಡು ಸಾಲು ಇದ್ದದ್ದು ಒಂದೇ ಸಾಲಾಗಿ ಇನ್ನಷ್ಟು ಸಣ್ಣದಾಗುತ್ತದೆ. ಇದಕ್ಕೆಲ್ಲ ಒಂದು ಕ್ರಮವಿದೆ. ಅದನ್ನು ಪವರ್‌ಪಾಯಿಂಟಿನಲ್ಲಿ ಬಿಡಿಸಿ ನೋಡೋಣ, ಏಕೆಂದರೆ ನಮ್ಮ ಶಾಲೆ, ಕಚೇರಿ, ಸಂಘಗಳಲ್ಲಿ ಹೆಚ್ಚಿನವರು ಬಳಸುವುದು ಅದನ್ನೇ.

ಬಳೆಗಾರನ ಲೆಕ್ಕ

ಪವರ್‌ಪಾಯಿಂಟಿನ ಸಿದ್ಧ ಲೇಔಟುಗಳಲ್ಲಿ ಅಕ್ಷರ ತುಂಬುವ ಪೆಟ್ಟಿಗೆಗಳಿರುತ್ತವೆ. ಬರಹ ಪೆಟ್ಟಿಗೆಗಿಂತ ಹೆಚ್ಚಾದರೆ ಏನು ಮಾಡಬೇಕೆಂಬುದಕ್ಕೆ ಪ್ರತಿ ಪೆಟ್ಟಿಗೆಗೂ ಒಂದು ನಿಯಮವಿದೆ. ನಿಯಮಗಳು ಮೂರೇ: ಬರಹವನ್ನು ಕುಗ್ಗಿಸುವುದು, ಪೆಟ್ಟಿಗೆಯನ್ನು ಹಿಗ್ಗಿಸುವುದು, ಎರಡನ್ನೂ ಮುಟ್ಟದೆ ಬರಹವನ್ನು ಹೊರಚೆಲ್ಲಲು ಬಿಡುವುದು. ಪರದೆಯ ಮೇಲೆ ಇವುಗಳ ಹೆಸರು Shrink text on overflow, Resize shape to fit text, Do not Autofit. ಮೊದಲನೆಯದನ್ನು ಇಲ್ಲಿ ತನ್‌ಕುಗ್ಗು ಎಂದು ಕರೆಯೋಣ. ಸಿದ್ಧ ಲೇಔಟುಗಳ ಶೀರ್ಷಿಕೆಯಲ್ಲೂ ಮುಖ್ಯ ಬರಹದಲ್ಲೂ ಸಾಮಾನ್ಯವಾಗಿ ಇರುವುದು ಇದೇ. ಯಾರೂ ಆರಿಸದಿದ್ದರೂ ಅದು ಅಲ್ಲಿರುತ್ತದೆ.

ತನ್‌ಕುಗ್ಗು ಕೆಲಸ ಮಾಡುವ ರೀತಿ ಜಾತ್ರೆಯ ಬಳೆಗಾರನ ರೀತಿ. ಬಳೆಗೆ ನಿಗದಿಯಾದ ಅಳತೆಗಳಿವೆ, ಎರಡು ಅಳತೆಗಳ ನಡುವೆ ಇನ್ನೊಂದಿಲ್ಲ. ಬಳೆಗಾರ ಒಂದು ಅಳತೆ ಏರಿಸಿ ನೋಡುತ್ತಾನೆ, ಕೂರದಿದ್ದರೆ ಪಕ್ಕದ ಅಳತೆಗೆ ಹೋಗುತ್ತಾನೆ, ಕೂತಲ್ಲಿಗೆ ನಿಲ್ಲಿಸುತ್ತಾನೆ. ತನ್‌ಕುಗ್ಗು ಕೂಡ ಬರಹವನ್ನು ಪೂರ್ಣ ಅಳತೆಯಲ್ಲಿ ಸಾಲುಗಳಾಗಿ ಜೋಡಿಸಿ, ಒಟ್ಟು ಎತ್ತರ ಪೆಟ್ಟಿಗೆಯೊಳಗೆ ಹಿಡಿಯುತ್ತದೆಯೇ ಎಂದು ಅಳೆಯುತ್ತದೆ. ಹಿಡಿಯದಿದ್ದರೆ ಒಂದು ಮೆಟ್ಟಿಲು ಇಳಿದು, ಎಲ್ಲ ಸಾಲುಗಳನ್ನೂ ಹೊಸದಾಗಿ ಒಡೆದು, ಮತ್ತೆ ಅಳೆಯುತ್ತದೆ. ಬರಹದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಾಣುವ ಮೆಟ್ಟಿಲುಗಳು ಶೇ. 92.5, 85, 77.5, 70, 62.5 ಹೀಗೆ, ಪ್ರತಿ ಬಾರಿ ಏಳೂವರೆಯಷ್ಟು ಇಳಿಯುತ್ತವೆ. ಅಕ್ಷರದ ಜೊತೆಗೆ ಸಾಲುಗಳ ನಡುವಿನ ಅಂತರವೂ ಶೇ. 10 ಅಥವಾ 20ರಷ್ಟು ಕಿರಿದಾಗಬಹುದು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಅದು ಅಳೆಯುವುದು ಎತ್ತರವನ್ನು ಮಾತ್ರ. ಅಗಲದ ಕೆಲಸ ಸಾಲನ್ನು ಎಲ್ಲಿ ಒಡೆಯಬೇಕೆಂದು ತೀರ್ಮಾನಿಸುವುದು, ಅಷ್ಟೇ. ಸಾಲುಗಳ ಸಂಖ್ಯೆ ಒಂದು, ಎರಡು, ಮೂರು ಎಂದು ಹಾರುತ್ತದೆಯೇ ಹೊರತು ಒಂದೂಕಾಲು ಸಾಲು ಎಂಬುದಿಲ್ಲ. ಹಾರುವ ಸಾಲುಗಳು ಮತ್ತು ಹಾರುವ ಮೆಟ್ಟಿಲುಗಳು ಒಂದರ ಮೇಲೊಂದು ಬಿದ್ದಾಗ ಹುಟ್ಟುವುದೇ ನಾವು ಪರದೆಯಲ್ಲಿ ಕಾಣುವ ಗೊಂದಲ.

ಎಂಟು ಜ್ಞಾನಪೀಠ, ಒಂದು ಪೆಟ್ಟಿಗೆ

ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಲೇಖಕರ ಮೇಲೆ ಒಂದು ಶಾಲೆಯವರು ಎಂಟು ಸ್ಲೈಡ್ ಮಾಡುತ್ತಿದ್ದಾರೆ ಎಂದಿಟ್ಟುಕೊಳ್ಳಿ: 1967ರ ಕುವೆಂಪು ಅವರಿಂದ 2010ರ ಚಂದ್ರಶೇಖರ ಕಂಬಾರರವರೆಗೆ. ಹೆಸರಿನ ಪೆಟ್ಟಿಗೆಯ ಒಳಜಾಗ 16 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರ. ಅಕ್ಷರದ ಅಳತೆ 40 ಪಾಯಿಂಟ್. ಪಾಯಿಂಟ್ ಎಂದರೆ ಅಂಗುಲದ 72ನೇ ಒಂದು ಭಾಗ. ಆ ಲೆಕ್ಕದಲ್ಲಿ ಪೆಟ್ಟಿಗೆಯ ಎತ್ತರ 85 ಪಾಯಿಂಟ್. ಕನ್ನಡದ ಒಂದು ಸಾಲಿಗೆ ಅಕ್ಷರದ ಅಳತೆಯ ಒಂದೂವರೆ ಪಟ್ಟು ಎತ್ತರ ಬೇಕು ಎಂದು ಹಿಡಿಯೋಣ. ಫಾಂಟ್ ಬದಲಾದರೆ ಈ ಅಂಕಿಗಳೂ ಹೆಸರುಗಳ ಅಗಲವೂ ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ. ಲೆಕ್ಕ ಸರಳವಾಗಿರಲೆಂದು ಸಾಲಿನ ಅಂತರ ಕಿರಿದಾಗುವುದನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.

‘ಕೋಟ ಶಿವರಾಮ ಕಾರಂತ’ 40 ಪಾಯಿಂಟಿನಲ್ಲಿ 15 ಸೆಂ.ಮೀ. ಅಗಲ ಬರುತ್ತದೆ ಎನ್ನಿ. 16ರೊಳಗೆ ಒಂದೇ ಸಾಲಿನಲ್ಲಿ ಕೂರುತ್ತದೆ, ಬೇಕಾದ ಎತ್ತರ 60 ಪಾಯಿಂಟ್. ಕುಗ್ಗುವ ಪ್ರಶ್ನೆಯೇ ಇಲ್ಲ.

‘ಮಾಸ್ತಿ ವೆಂಕಟೇಶ ಅಯ್ಯಂಗಾರ್’ 17 ಸೆಂ.ಮೀ. ಒಂದು ಸೆಂ.ಮೀ. ಹೆಚ್ಚಾದ್ದರಿಂದ ‘ಅಯ್ಯಂಗಾರ್’ ಕೆಳಗಿಳಿದು ಎರಡು ಸಾಲಾಗುತ್ತದೆ, 120 ಪಾಯಿಂಟ್ ಎತ್ತರ ಬೇಕಾಗುತ್ತದೆ, ಇರುವುದು 85. ಮೊದಲ ಮೆಟ್ಟಿಲಿಗೆ ಇಳಿದರೆ ಅಕ್ಷರ 37 ಪಾಯಿಂಟ್, ಅಗಲ 15.7 ಸೆಂ.ಮೀ. ಮತ್ತೆ ಒಂದೇ ಸಾಲು. ಅಲ್ಲಿಗೆ ನಿಂತಿತು.

‘ಅಂಬಿಕಾತನಯದತ್ತ ದ. ರಾ. ಬೇಂದ್ರೆ’ 20 ಸೆಂ.ಮೀ. ಎನ್ನಿ. 37ರಲ್ಲೂ ಎರಡು ಸಾಲು, 34ರಲ್ಲೂ ಎರಡು ಸಾಲು; ಎರಡೂ ಬಾರಿ ಎತ್ತರ ಹಿಡಿಯುವುದಿಲ್ಲ. 31 ಪಾಯಿಂಟಿಗೆ ಇಳಿದಾಗ ಅಗಲ 15.5 ಸೆಂ.ಮೀ. ಆಗಿ ಒಂದು ಸಾಲಿಗೆ ಬರುತ್ತದೆ.

ಈಗ ‘ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿ’. ಇದು 24 ಸೆಂ.ಮೀ. ಎನ್ನಿ. 31 ಪಾಯಿಂಟಿನಲ್ಲೂ ಎರಡು ಸಾಲು, ಬೇಕಾದ ಎತ್ತರ 93. ಇನ್ನೊಂದು ಮೆಟ್ಟಿಲು ಇಳಿದು 28 ಪಾಯಿಂಟಿಗೆ ಬಂದರೆ ಎರಡು ಸಾಲಿಗೆ ಬೇಕಾದದ್ದು 84. ಇರುವುದು 85. ಹೆಸರು ಎರಡು ಸಾಲಾಗಿಯೇ ಕೂತಿತು.

ಇಲ್ಲಿಂದ ಮುಂದೆ ನಡೆಯುವುದು ಸ್ವಾರಸ್ಯಕರ. ಅನಂತಮೂರ್ತಿಯವರ ಹೆಸರಿಗೆ ‘ಡಾ.’ ಸೇರಿಸಿ 26 ಸೆಂ.ಮೀ. ಮಾಡಿದರೂ ಅಳತೆ 28 ಪಾಯಿಂಟಿನಲ್ಲೇ ಉಳಿಯುತ್ತದೆ, ಏಕೆಂದರೆ ಎರಡನೇ ಸಾಲಿನಲ್ಲಿ ಇನ್ನೂ ಜಾಗವಿದೆ. ಕಾರಂತರ ಹೆಸರಿಗೆ ಅದೇ ‘ಡಾ.’ ಸೇರಿಸಿದರೆ 15 ಇದ್ದದ್ದು 17 ಆಗಿ, ಅಕ್ಷರ 40ರಿಂದ 37ಕ್ಕೆ ಬೀಳುತ್ತದೆ. ಉದ್ದ ಹೆಸರಿಗೆ ತಟ್ಟದ ಪೆಟ್ಟು ಗಿಡ್ಡ ಹೆಸರಿಗೆ ತಟ್ಟಿತು.

ಇನ್ನು ಬೇರೆ ಲೇಔಟಿಗೆ ಹೋಗೋಣ. ಅಲ್ಲಿ ಪೆಟ್ಟಿಗೆಯ ಎತ್ತರ 3 ಸೆಂ.ಮೀ. ಬದಲು 2.9 ಇದೆ, ಅಂದರೆ ಸುಮಾರು 82 ಪಾಯಿಂಟ್. ಒಂದು ಮಿಲಿಮೀಟರಿನ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಆದರೆ 28 ಪಾಯಿಂಟಿನ ಎರಡು ಸಾಲಿಗೆ 84 ಬೇಕು, ಸಾಲದು. ಮುಂದಿನ ಮೆಟ್ಟಿಲು 25 ಪಾಯಿಂಟ್. ಆ ಅಳತೆಯಲ್ಲಿ ಅನಂತಮೂರ್ತಿಯವರ ಹೆಸರಿನ ಅಗಲ 15 ಸೆಂ.ಮೀ., ಅಂದರೆ ಒಂದೇ ಸಾಲು, ಎತ್ತರ ಕೇವಲ 38 ಪಾಯಿಂಟ್. ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದಿದೆ, ಹೆಸರು ಮಾತ್ರ ಎಲ್ಲಕ್ಕಿಂತ ಚಿಕ್ಕದು! ನೋಡಿದವರಿಗೆ ಇಷ್ಟೊಂದು ಜಾಗವಿದ್ದೂ ಇಷ್ಟು ಸಣ್ಣಗೆ ಯಾಕೆ ಬರೆದರು ಎನಿಸದೆ ಇರದು. ಆ ಅಳತೆಯನ್ನು ಯಾರೂ ಬರೆದದ್ದಲ್ಲ. ಒಂದು ಮಿಲಿಮೀಟರ್ ಕಡಿಮೆಯಾದದ್ದಕ್ಕೆ ಹೆಸರು ಒಂದು ಮೆಟ್ಟಿಲು ಜಾರಿತು.

ಅಡಗಿ ಕೂತ ಅಂಕಿ

ಹೀಗೆ ಹುಡುಕಿ ತೆಗೆದ ಮೆಟ್ಟಿಲನ್ನು ಪವರ್‌ಪಾಯಿಂಟ್ ಫೈಲಿನೊಳಗೆ ಬರೆದಿಡುತ್ತದೆ. `.pptx` ಫೈಲು ನಿಜಕ್ಕೂ ಒಂದು ಜಿಪ್ ಕಟ್ಟು. ಪ್ರತಿ ಮಾಡಿ, ಹೆಸರಿನ ಕೊನೆಯನ್ನು `.zip` ಎಂದು ಬದಲಿಸಿ ಬಿಚ್ಚಿದರೆ `ppt/slides` ಒಳಗೆ ಒಂದೊಂದು ಸ್ಲೈಡಿಗೂ ಒಂದೊಂದು ಫೈಲು ಸಿಗುತ್ತದೆ. ಕುಗ್ಗಿದ ಪೆಟ್ಟಿಗೆ ಅದರಲ್ಲಿ ಹೀಗೆ ಕಾಣುತ್ತದೆ:

```xml
<a:bodyPr>
  <a:normAutofit fontScale="70000"
                 lnSpcReduction="20000"/>
</a:bodyPr>
```

`70000` ಎಂದರೆ ಶೇ. 70. ಎರಡನೆಯದು ಸಾಲಿನ ಅಂತರದಲ್ಲಿ ಕಡಿತವಾದ ಶೇ. 20. ಅಕ್ಷರದ ಅಳತೆ ಫೈಲಿನಲ್ಲಿ ಈಗಲೂ 40 ಎಂದೇ ಇರುತ್ತದೆ. ತೋರಿಸುವಾಗ ಈ ಶೇಕಡಾವನ್ನು ಅದರ ಮೇಲೆ ಹೇರಲಾಗುತ್ತದೆ. ಎಲ್ಲರಿಗೂ ಒಂದೇ ಅಳತೆ ಇಟ್ಟಿದ್ದೆ ಎನ್ನುವವರ ಮಾತು ನಿಜವಾಗುವುದು ಹೀಗೆ.

ಈ ಅಂಕಿ ಒಂದು ಕ್ಷಣದ ಲೆಕ್ಕವಷ್ಟೇ. ಬರಹ ತಿದ್ದಿದಾಗ ಪವರ್‌ಪಾಯಿಂಟ್ ಅದನ್ನು ಹೊಸದಾಗಿ ಹುಡುಕುತ್ತದೆ. ಲಿಬ್ರೆಆಫೀಸಿನಲ್ಲಿ ಅದೇ ಫೈಲನ್ನು ತೆರೆದರೆ ಅದು ತನ್ನ ರೀತಿಯಲ್ಲಿ ಲೆಕ್ಕ ಹಾಕುತ್ತದೆ, ಉತ್ತರ ಬೇರೆಯಾಗಬಹುದು. ನಿಮ್ಮ ಕಂಪ್ಯೂಟರಿನ ಕನ್ನಡ ಫಾಂಟ್ ಸಭಾಂಗಣದ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಇನ್ನೊಂದು ಫಾಂಟ್ ಬಂದು ಕೂರುತ್ತದೆ. ತುಂಗಾ ಫಾಂಟಿನಲ್ಲಿ ಮಾಡಿದ್ದನ್ನು ನಿರ್ಮಲಾ ಯುಐ ಫಾಂಟಿನಲ್ಲಿ ತೆರೆದರೆ ಪ್ರತಿ ಅಕ್ಷರದ ಅಗಲವೂ ಸಾಲಿನ ಎತ್ತರವೂ ಬೇರೆ. ಒಂದು ಮಿಲಿಮೀಟರಿಗೇ ಮೆಟ್ಟಿಲು ಜಾರುವಾಗ ಫಾಂಟೇ ಬದಲಾದರೆ ಏನಾಗುತ್ತದೆಂದು ಊಹಿಸಿಕೊಳ್ಳಿ.

ಹೆಸರುಗಳ ಪಟ್ಟಿಯಿಂದ ಪ್ರೋಗ್ರಾಮಿನ ಮೂಲಕ ನೂರಾರು ಸ್ಲೈಡ್ ಹುಟ್ಟಿಸುವವರಿಗೆ ಇನ್ನೊಂದು ತೊಂದರೆಯಿದೆ. `python-pptx` ನಂಥ ಸಾಧನ ಪೆಟ್ಟಿಗೆಗೆ ತನ್‌ಕುಗ್ಗು ನಿಯಮವನ್ನು ಬರೆಯಬಲ್ಲದು, ಆದರೆ ಸಾಲು ಒಡೆದು ಅಳೆಯುವ ಕೆಲಸ ಪವರ್‌ಪಾಯಿಂಟಿನದು. ಹಾಗಾಗಿ ಫೈಲಿನಲ್ಲಿ ನಿಯಮ ಇರುತ್ತದೆ, ಶೇಕಡಾ ಇರುವುದಿಲ್ಲ. ತೆರೆದಾಗ ಉದ್ದ ಹೆಸರುಗಳು ಹೊರಚೆಲ್ಲಿಕೊಂಡು ನಿಂತಿರುತ್ತವೆ. ಯಾರೋ ಒಬ್ಬರು ಒಂದು ಹೆಸರಿನ ಕಾಗುಣಿತ ತಿದ್ದಲು ಹೋದಾಗ ಆ ಒಂದು ಹೆಸರು ಮಾತ್ರ ದಿಢೀರನೆ ಕುಗ್ಗುತ್ತದೆ. ತಾನು ಏನೋ ಕೆಡಿಸಿದೆ ಎಂದು ಅವರು ಗಾಬರಿಯಾಗುತ್ತಾರೆ. ಅವರ ತಪ್ಪೇನೂ ಇಲ್ಲ.

ಕನ್ನಡಕ್ಕೆ ಬೀಳುವ ಹೆಚ್ಚಿನ ಪೆಟ್ಟು

ಇಂಗ್ಲಿಷ್ ಅಕ್ಷರಗಳಿಗೆ ಮಾಡಿದ ಲೇಔಟಿನಲ್ಲಿ ಕನ್ನಡ ಬರೆದಾಗ ಮೂರು ಕಡೆ ತೊಡಕು.

ಮೊದಲನೆಯದು ಸಾಲಿನ ಅಂತರ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲೆ ಏರುತ್ತವೆ. ‘ಕುಪ್ಪಳ್ಳಿ ವೆಂಕಟಪ್ಪ’ ಮೇಲಿನ ಸಾಲಿನಲ್ಲೂ ‘ಪುಟ್ಟಪ್ಪ’ ಕೆಳಗಿನ ಸಾಲಿನಲ್ಲೂ ಇದ್ದು, ನಡುವಿನ ಅಂತರ ಶೇ. 20ರಷ್ಟು ಕಡಿತವಾದರೆ, ಮೇಲಿನ ಒತ್ತುಗಳು ಕೆಳಗಿನ ಅಕ್ಷರಗಳ ತಲೆಗೆ ತಾಗುತ್ತವೆ. ಇಂಗ್ಲಿಷಿನಲ್ಲಿ ಅಷ್ಟು ಕಡಿತ ತಡೆದುಕೊಳ್ಳಬಹುದು. ಕನ್ನಡದಲ್ಲಿ ಅದು ಓದಿಗೇ ಅಡ್ಡಿ.

ಎರಡನೆಯದು ಉದ್ದ ಪದ. ಸಾಲು ಒಡೆಯಲು ಪವರ್‌ಪಾಯಿಂಟ್ ನೆಚ್ಚುವುದು ಪದಗಳ ನಡುವಿನ ಖಾಲಿ ಜಾಗವನ್ನು. ಮೂರು ಫೋಟೊ ಪಕ್ಕಪಕ್ಕ ಇರುವ ಲೇಔಟಿನಲ್ಲಿ ಪೆಟ್ಟಿಗೆ ಕಿರಿದಾಗಿದ್ದು, ‘ರಾಜಗೋಪಾಲಾಚಾರ್ಯ’ ಒಂದೇ ಪದವಾಗಿ ಅದಕ್ಕಿಂತ ಅಗಲವಾದರೆ, ಪದ ನಡುವೆಯೇ ಮುರಿದು ‘ರಾಜಗೋಪಾ’ ಒಂದು ಸಾಲಿಗೂ ‘ಲಾಚಾರ್ಯ’ ಇನ್ನೊಂದು ಸಾಲಿಗೂ ಹೋಗುತ್ತದೆ. ತನ್‌ಕುಗ್ಗು ಇದನ್ನು ತಪ್ಪೆಂದು ಗುರುತಿಸುವುದೇ ಇಲ್ಲ. ಅದು ಅಳೆಯುವುದು ಎತ್ತರವನ್ನು, ಎತ್ತರ ಹಿಡಿದರೆ ಅದರ ಕೆಲಸ ಮುಗಿಯಿತು. ಒಬ್ಬರ ಹೆಸರು ನಡುವೆ ಮುರಿದಿದೆ ಎಂಬುದು ಅದರ ಲೆಕ್ಕದಲ್ಲಿಲ್ಲ.

ಮೂರನೆಯದು ಎಣಿಕೆ. ಪಟ್ಟಿಯಲ್ಲಿ ಅತಿ ಉದ್ದದ ಹೆಸರು ಯಾವುದೆಂದು ತಿಳಿಯಲು ಹಲವರು ಎಕ್ಸೆಲ್‌ನ `LEN` ಬಳಸುತ್ತಾರೆ. ಅದು ಎಣಿಸುವುದು ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ, ಒಳಗಿನ ಸಂಕೇತಗಳನ್ನು. ‘ಲಕ್ಷ್ಮೀ’ ಎಂಬುದರಲ್ಲಿ ಲ, ಕ, ವಿರಾಮ, ಷ, ವಿರಾಮ, ಮ, ದೀರ್ಘ ಸೇರಿ ಏಳು ಸಂಕೇತ. ‘ಯಶೋಧರ’ದಲ್ಲಿ ಐದೇ. ಬರೆದು ನೋಡಿದರೆ ಯಶೋಧರನೇ ಹೆಚ್ಚು ಜಾಗ ತಿನ್ನುತ್ತಾನೆ. ಎಣಿಕೆ ನಂಬಬೇಡಿ, ನೀವು ಬಳಸುವ ಫಾಂಟಿನಲ್ಲಿ ಬರೆದು ಅಗಲವನ್ನೇ ಅಳೆಯಿರಿ. ಪೆಟ್ಟಿಗೆಗೆ Resize shape to fit text ಆರಿಸಿ, Wrap text in shape ಗುರುತನ್ನು ತೆಗೆದರೆ ಪೆಟ್ಟಿಗೆಯೇ ಹೆಸರಿನಷ್ಟು ಅಗಲವಾಗುತ್ತದೆ. ಆ ಅಗಲದಿಂದ ಎರಡೂ ಬದಿಯ ಅಂಚು, ಅಂದರೆ ಸಾಮಾನ್ಯವಾಗಿ 0.25 ಸೆಂ.ಮೀ. ಎರಡು ಬಾರಿ, ಕಳೆದರೆ ಹೆಸರಿನ ನಿಜವಾದ ಅಗಲ.

ಲಗಾಮು ಕೈಗೆ

ತನ್‌ಕುಗ್ಗನ್ನು ತಿದ್ದಿ ಸರಿಪಡಿಸುವ ದಾರಿಯಿಲ್ಲ. ಮೆಟ್ಟಿಲುಗಳೂ ಅದರವು, ಅಳೆಯುವ ಗಳಿಗೆಯೂ ಅದರದು. ಅದನ್ನು ನಿಲ್ಲಿಸಿ ಅಳತೆಯನ್ನು ನಾವೇ ಇಡಬೇಕು. ಆದರೆ ಹಾಗೆ ಇಡುವ ಅಳತೆ ಅತಿ ಉದ್ದದ ಹೆಸರಿನಿಂದ ಬರಬೇಕು. ಎಲ್ಲರೂ ಮಾಡುವುದು ಇದರ ತಿರುಗುಮುರುಗು: ‘ಗಿರೀಶ ಕಾರ್ನಾಡ’ ಎಂಬ ಅಚ್ಚುಕಟ್ಟಾದ ಹೆಸರಿಗೆ ಚೆಂದ ಕಾಣುವಂತೆ ಪೆಟ್ಟಿಗೆ ಮಾಡಿ, ಉಳಿದವರನ್ನು ಅದರೊಳಗೆ ತುರುಕುತ್ತಾರೆ.

ನಮ್ಮ ಎಂಟು ಸ್ಲೈಡುಗಳಿಗೆ ಲೆಕ್ಕ ಹೀಗೆ. ಅಳತೆ 36 ಪಾಯಿಂಟ್ ಎಂದು ನಿಗದಿ ಮಾಡಿ. ಎರಡು ಸಾಲಿಗೆ 108 ಪಾಯಿಂಟ್, ಅಂದರೆ 3.8 ಸೆಂ.ಮೀ. ಎತ್ತರ ಬೇಕು. ಒಳಜಾಗವನ್ನು 3ರಿಂದ 3.9 ಸೆಂ.ಮೀ.ಗೆ ಏರಿಸಿದರೆ ಸಾಕು. ಕಾರಂತ, ಮಾಸ್ತಿ ಇಬ್ಬರೂ ಒಂದು ಸಾಲಿನಲ್ಲಿ ಕೂರುತ್ತಾರೆ. ಬೇಂದ್ರೆ, ಅನಂತಮೂರ್ತಿ ಎರಡು ಸಾಲಿನಲ್ಲಿ. ಎಲ್ಲರ ಅಕ್ಷರವೂ 36. ಮೊದಲಿನ ಏರ್ಪಾಟಿನಲ್ಲಿ ಒಂದೇ ಲೇಔಟಿನೊಳಗೆ 40ರಿಂದ 28ರವರೆಗೆ ನಾಲ್ಕು ಅಳತೆಗಳಿದ್ದವು. ಅದನ್ನು ತಪ್ಪಿಸಲು ಬೇಕಾಗಿದ್ದದ್ದು ಒಂದು ಸೆಂ.ಮೀ.ಗಿಂತ ಕಡಿಮೆ ಜಾಗ. ಫೋಟೊವನ್ನು ಅಷ್ಟು ಮೇಲೆ ಸರಿಸಿದರೆ ಅದು ಸಿಗುತ್ತದೆ.

ಇದನ್ನು ಒಂದೊಂದೇ ಸ್ಲೈಡಿನಲ್ಲಿ ಮಾಡಬಾರದು. ಸ್ಲೈಡು ತನ್ನ ನಿಯಮವನ್ನು ಲೇಔಟಿನಿಂದ, ಲೇಔಟು ಮೂಲ ಅಚ್ಚಿನಿಂದ ಪಡೆಯುತ್ತದೆ. ಹಾಗಾಗಿ View ಪಟ್ಟಿಯ Slide Master ತೆರೆದು, ಹೆಸರಿನ ಪೆಟ್ಟಿಗೆ ಇರುವ ಪ್ರತಿ ಲೇಔಟಿನಲ್ಲೂ Format Shape ಮೂಲಕ Do not Autofit ಆರಿಸಿ, ಅಳತೆ 36 ಎಂದು ಕೊಡಿ. ಸಿದ್ಧ ಲೇಔಟುಗಳಲ್ಲಿ ಇದು ಇನ್ನೂ ಮುಖ್ಯ: ಆಫೀಸ್ ಥೀಮಿನಲ್ಲಿ ಮೊದಲ ಸ್ಲೈಡಿನ ಶೀರ್ಷಿಕೆ 60 ಪಾಯಿಂಟ್, ಸಾಮಾನ್ಯ ಸ್ಲೈಡಿನದು 44, ಚಿತ್ರದ ಪಕ್ಕ ಬರಹವಿರುವುದರಲ್ಲಿ 32. ಕುಗ್ಗುವಿಕೆ ಶುರುವಾಗುವ ಮೊದಲೇ ಅಳತೆಗಳು ಬೇರೆಬೇರೆ. ಒಂದೇ ಹೆಸರು ಹಲವು ಲೇಔಟುಗಳಲ್ಲಿ ಬರುವುದಾದರೆ ಅವುಗಳ ಅಳತೆಯನ್ನೂ ಪೆಟ್ಟಿಗೆಯ ಅಗಲವನ್ನೂ ಸರಿಸಮ ಮಾಡಿಕೊಳ್ಳಿ. ಜೊತೆಗೆ AutoCorrect Options ಒಳಗಿನ AutoFit title text to placeholder, AutoFit body text to placeholder ಎಂಬ ಎರಡು ಗುರುತುಗಳನ್ನೂ ತೆಗೆದುಬಿಡಿ.

ಹಳೆಯ ಸ್ಲೈಡುಗಳು ಇಷ್ಟಕ್ಕೆ ಬದಲಾಗದಿರಬಹುದು. ಸ್ಲೈಡು ತನ್ನದೇ ಶೇಕಡಾವನ್ನು ಬರೆದುಕೊಂಡಿದ್ದರೆ ಲೇಔಟಿನ ಮಾತಿಗಿಂತ ಅದೇ ಗೆಲ್ಲುತ್ತದೆ. ಅಂಥವನ್ನು ಆರಿಸಿ Home ಪಟ್ಟಿಯ Reset ಒತ್ತಬೇಕು. ಕೈಯಾರೆ ಕೊಟ್ಟ ಬಣ್ಣ, ಜಾಗಗಳೂ ಆಗ ಹೋಗುತ್ತವೆ, ಆದ್ದರಿಂದ ಮೊದಲು ಒಂದು ಪ್ರತಿ ಇಟ್ಟುಕೊಳ್ಳಿ.

ಸಾಲು ಎಲ್ಲಿ ಒಡೆಯಬೇಕೆಂಬುದನ್ನೂ ನಾವೇ ಹೇಳಬಹುದು. ಒಡೆಯಬೇಕಾದಲ್ಲಿ Shift+Enter. ಒಡೆಯಬಾರದ ಕಡೆ, ಅಂದರೆ ‘ದ.’ ಮತ್ತು ‘ರಾ.’ ನಡುವೆಯೂ ‘ರಾ.’ ಮತ್ತು ‘ಬೇಂದ್ರೆ’ಯ ನಡುವೆಯೂ, ಒಡೆಯದ ಖಾಲಿ ಜಾಗ Ctrl+Shift+Space. ಇದಿಲ್ಲದಿದ್ದರೆ ‘ದ.’ ಮೇಲೆ ಉಳಿದು ‘ರಾ. ಬೇಂದ್ರೆ’ ಕೆಳಗೆ ಹೋಗುವ ಅಪಾಯವಿದೆ.

ಚೆಲ್ಲುವುದಾದರೆ ಎತ್ತ

ತನ್‌ಕುಗ್ಗು ನಿಲ್ಲಿಸಿದ ಮೇಲೆ, ಎಣಿಸದ ಒಂದು ಹೆಸರು ಬಂದರೆ ಅದು ಪೆಟ್ಟಿಗೆಯ ಹೊರಗೆ ಚೆಲ್ಲುತ್ತದೆ. ಪವರ್‌ಪಾಯಿಂಟ್ ಅದನ್ನು ಕತ್ತರಿಸುವುದಿಲ್ಲ, ಪಕ್ಕದಲ್ಲಿರುವುದರ ಮೇಲೆಯೇ ಬರೆಯುತ್ತದೆ. ಹಲವರು ಇದಕ್ಕೇ ಹೆದರಿ ತನ್‌ಕುಗ್ಗನ್ನು ಹಾಗೇ ಬಿಡುತ್ತಾರೆ. ನನ್ನ ಮಟ್ಟಿಗೆ ಚೆಲ್ಲಿದ ಹೆಸರೇ ಮೇಲು. ಅದು ತಯಾರಿಯ ಹೊತ್ತಿಗೇ ಕಣ್ಣಿಗೆ ರಾಚುತ್ತದೆ, ಸರಿಪಡಿಸಬಹುದು. ಕುಗ್ಗಿದ ಹೆಸರು ಹತ್ತಿರದ ಪರದೆಯಲ್ಲಿ ಸರಿಯಾಗಿಯೇ ಕಾಣುತ್ತದೆ. ತಪ್ಪು ಗೊತ್ತಾಗುವುದು ಸಭೆಯಲ್ಲಿ, ಆ ಹೆಸರಿನವರು ವೇದಿಕೆಯ ಮೇಲೆ ನಿಂತಾಗ.

ಚೆಲ್ಲುವ ದಿಕ್ಕನ್ನಾದರೂ ನಾವು ಆರಿಸಬಹುದು. ಬರಹವನ್ನು ಪೆಟ್ಟಿಗೆಯ ಮೇಲಂಚಿಗೆ ಹೊಂದಿಸಿದ್ದರೆ ಹೆಚ್ಚಾದದ್ದು ಕೆಳಗೆ ಚೆಲ್ಲುತ್ತದೆ, ಕೆಳಂಚಿಗೆ ಹೊಂದಿಸಿದ್ದರೆ ಮೇಲೆ, ನಡುವೆ ಇಟ್ಟಿದ್ದರೆ ಎರಡೂ ಕಡೆ. ಫೋಟೊದ ಕೆಳಗಿನ ಹೆಸರಿಗೆ ಮೇಲಂಚು ಸರಿ, ಮುಖದ ಮೇಲೆ ಅಕ್ಷರ ಬೀಳುವುದಿಲ್ಲ.

ನಾನೂರು ಹೆಸರಿನ ಪದವಿಪ್ರದಾನದ ಪಟ್ಟಿಯಲ್ಲಿ ಎರಡು ಸಾಲಿಗೂ ಹಿಡಿಯದ ಒಂದೆರಡು ಹೆಸರು ಇದ್ದೇ ಇರುತ್ತವೆ. ಅವುಗಳಿಗಾಗಿ ಎಲ್ಲರ ಅಕ್ಷರವನ್ನೂ ಕಿರಿದು ಮಾಡುವ ಬದಲು ಮೂರು ಸಾಲಿನ ಪೆಟ್ಟಿಗೆಯುಳ್ಳ ಇನ್ನೊಂದು ಲೇಔಟ್ ಮಾಡಿ. ಫೋಟೊ ತುಸು ಚಿಕ್ಕದಿರಲಿ, ಅಕ್ಷರ ಅದೇ 36 ಇರಲಿ. ಹೆಸರಿನ ಅಗಲ ಅಳೆದು, ಯಾರಿಗೆ ಯಾವ ಲೇಔಟ್ ಎಂದು ಮೊದಲೇ ಹಂಚಿಕೊಳ್ಳಿ.

ಎಲ್ಲ ಮುಗಿದ ಮೇಲೆ ಫೈಲನ್ನು ಬಿಚ್ಚಿ `fontScale` ಎಂಬ ಪದವನ್ನು ಹುಡುಕಿ. ಹೆಸರಿನ ಪೆಟ್ಟಿಗೆಗಳಲ್ಲಿ ಅದು ಒಂದೂ ಸಿಗಬಾರದು. ಸಿಕ್ಕಿದ ಸ್ಲೈಡಿನಲ್ಲಿ ತನ್‌ಕುಗ್ಗು ಇನ್ನೂ ಉಳಿದಿದೆ. ಆಮೇಲೆ ಸಭಾಂಗಣಕ್ಕೆ ಕಳಿಸುವ ಪ್ರತಿಯನ್ನು ಪಿಡಿಎಫ್ ಮಾಡಿ. ಸ್ಲೈಡುಗಳಲ್ಲಿ ಚಲನೆ ಇದ್ದು ಪಿಡಿಎಫ್ ಆಗದಿದ್ದರೆ Options ಒಳಗಿನ Save ಪುಟದಲ್ಲಿ Embed fonts in the file ಗುರುತು ಹಾಕಿ, ಅಲ್ಲಿನ ಕಂಪ್ಯೂಟರಿನಲ್ಲಿ ಅತಿ ಉದ್ದದ ಹೆಸರಿನ ಸ್ಲೈಡನ್ನು ಮೊದಲು ತೆರೆದು ನೋಡಿ.